ಗೋಡೆ ನಂಬಿದ ಬೆಳಕು

ಫೋಟೋಗಳಿಗೆ ಟಚಪ್ ಮಾಡುವವನಾದ್ದರಿಂದ ಸ್ಟುಡಿಯೋದಲ್ಲಿ ಅವನಿಗೆ ಟಚಪ್ಪ ಎಂದೇ ಹೆಸರು ಬಿದ್ದಿತ್ತು. ಯಾವನೋ ಕ್ಯಾಮೆರಾದವನು ತಮಾಷೆಗೆ ಇಟ್ಟದ್ದು ಹದಿನಾಲ್ಕು ವರ್ಷಗಳಲ್ಲಿ ಗಟ್ಟಿಯಾಗಿ ಅಂಟಿಕೊಂಡು, ಮದುವೆ ಮನೆಯವರೂ "ಟಚಪ್ಪನವರು ಇದ್ದಾರಾ" ಎಂದು ಕೇಳಿಕೊಂಡು ಬರುವಂತಾಗಿತ್ತು. ಅವನ ಕೋಣೆ ಸ್ಟುಡಿಯೋದ ಹಿಂಭಾಗದಲ್ಲಿ, ಕಿಟಕಿಯಿಲ್ಲದ ಕಡೆ. ಗೋಡೆಗೆ ಬೂದು ಬಣ್ಣ, ಯಾಕೆಂದರೆ ಬೇರೆ ಬಣ್ಣವಿದ್ದರೆ ಪರದೆಯ ಮೇಲಿನ ಬಣ್ಣ ಕಣ್ಣಿಗೆ ಮೋಸ ಮಾಡುತ್ತದೆ. ಅಲ್ಲಿ ಕೂತು ಅವನು ಮುಚ್ಚಿದ ಕಣ್ಣುಗಳನ್ನು ತೆರೆಸಿದ್ದ, ಬೋಳುತಲೆಯ ಮದುಮಗನಿಗೆ ಕೂದಲು ಬೆಳೆಸಿದ್ದ, ಮುನಿಸಿಕೊಂಡು ಮದುವೆಗೇ ಬಾರದ ಚಿಕ್ಕಪ್ಪನನ್ನು ಎರಡನೇ ಸಾಲಿನಲ್ಲಿ ನಗಿಸಿ ನಿಲ್ಲಿಸಿದ್ದ. ಇಷ್ಟೆಲ್ಲ ಸುಳ್ಳು ಮಾಡಿಯೂ ಯಾರ ಕೂದಲೂ ಕೊಂಕಿರಲಿಲ್ಲ. ಅದು ಅವನ ಹೆಮ್ಮೆಯಾಗಿತ್ತು.

ಅಕ್ಕ ಬಂದದ್ದು ಒಂದು ಸೋಮವಾರ ಮಧ್ಯಾಹ್ನ, ಕೈಯಲ್ಲಿ ಮೊಬೈಲು ಹಿಡಿದುಕೊಂಡು.

"ನೋಡೋ, ನಮ್ಮನೆ ಹೇಗೆ ಕಾಣ್ತಿದೆ?"

"ಮನೆ ಥರಾನೇ ಕಾಣ್ತಿದೆ. ಇನ್ನೇನು ಕಾಣ್ಬೇಕಿತ್ತು?"

"ನಿಮ್ಮ ಭಾವಂಗೆ ಭೂತಬಂಗಲೆ ಥರ ಕಾಣತ್ತಂತೆ. ನಾನು ಸಂಜೆ ಹೊತ್ತು ಒಂದು ಫೋಟೋ ಕಳಿಸಿದ್ರೆ ಸಾಕು, 'ನೀವಿಬ್ರೂ ಕತ್ತಲೇಲಿ ಕೂತಿರ್ತೀರಾ, ಒಂದು ದೀಪ ಹಚ್ಚೋಕೂ ಕೈ ನೋಯತ್ತಾ' ಅಂತ ಶುರು ಮಾಡ್ತಾರೆ. ಅಲ್ಲಿ ಕೂತು ನಮ್ಮ ಮನೆಯ ಕತ್ತಲೆ ಅಳೀತಾರೆ."

ಭಾವ ದೂರದ ಬಂದರಿನಲ್ಲಿ ಕ್ರೇನ್ ಓಡಿಸುತ್ತಿದ್ದ. ವರ್ಷಕ್ಕೊಮ್ಮೆ ರಜೆ. ಮನೆಯಲ್ಲಿ ಅಕ್ಕ ಮತ್ತು ಅವಳ ಅತ್ತೆ, ಇಬ್ಬರೇ. ಬಾಡಿಗೆಯ ಹಂಚಿನ ಮನೆ, ಓಣಿಯ ಕೊನೆಯಲ್ಲಿ, ಎತ್ತರದ ಕಾಂಪೌಂಡಿನ ಒಳಗೆ. ಜಗಲಿಯ ಮೇಲೆಲ್ಲ ಹಳೆಯ ಮರದ ತೊಲೆ, ಗೋಡೆಯ ಮೂಲೆಯಲ್ಲಿ ಅದಕ್ಕಿಂತ ಹಳೆಯ ಮೀಟರ್ ಬೋರ್ಡು. ಬೆಂಕಿ ಹಚ್ಚಬಾರದು, ಆ ಬೋರ್ಡಿನಿಂದ ಇನ್ನೊಂದು ವೈರು ಎಳೆಯಬಾರದು ಎಂದು ಮನೆ ಮಾಲೀಕ ಮೊದಲೇ ಕರಾರು ಮಾಡಿಕೊಂಡಿದ್ದ. ಬೋರ್ಡಿನೊಳಗಿಂದ ಆಗಾಗ ಚಿಟಿಚಿಟಿ ಸದ್ದು ಬರುತ್ತದೆ, ರಿಪೇರಿ ಮಾಡಿಸಿ ಎಂದು ಅಕ್ಕ ನಾಲ್ಕು ಸಲ ಹೇಳಿದ್ದಳು. ಮಾಲೀಕ ನಾಲ್ಕು ಸಲವೂ ಹೂಂ ಅಂದಿದ್ದ.

"ಗುರುವಾರ ನಮ್ಮ ಮದುವೆ ದಿನ. ಹನ್ನೊಂದು ವರ್ಷ ಆಯ್ತು. ಅವತ್ತಾದ್ರೂ ಅವರ ಕಣ್ಣಿಗೆ ಮನೆ ಬೆಳಗಿದ ಹಾಗೆ ಕಾಣಲಿ," ಎಂದಳು ಅಕ್ಕ. "ಮೆಟ್ಟಿಲ ಮೇಲೆ ಹಣತೆ ಸಾಲು, ಮೇಲ್ಗಡೆ ದಾರದಲ್ಲಿ ಒಳಗೆ ಬಲ್ಬಿರೋ ಕಾಗದದ ಲಾಂದ್ರ. ಅತ್ತೇನೇ ಹೇಳಿದ್ದು: 'ನಿಜವಾಗಿ ಹಚ್ಚೋದು ಬೇಡಮ್ಮ, ನನಗೆ ಹೆದರಿಕೆ. ನಿನ್ನ ತಮ್ಮ ಇದಾನಲ್ಲ, ಎಣ್ಣೆ ಇಲ್ದೆ ಹಚ್ಚೋನು' ಅಂತ."

ಟಚಪ್ಪನಿಗೆ ನಗು ಬಂತು. ಕೇಬಲ್ ಚುಚ್ಚಿ ಫೋಟೋವನ್ನು ತನ್ನ ಕಂಪ್ಯೂಟರಿಗೆ ಇಳಿಸಿಕೊಂಡ. ಮುಸ್ಸಂಜೆಯ ಫೋಟೋ. ಮೂರು ಮೆಟ್ಟಿಲು, ಎರಡು ಕಂಬ, ಗಾರೆ ಗೋಡೆ, ಒಂದು ಕಿಟಕಿ, ಬಾಗಿಲ ಪಕ್ಕ ಸ್ಟೀಲ್ ಕೊಡ. ಕುರ್ಚಿಯಲ್ಲಿ ಅತ್ತೆ, ಕನ್ನಡಕ ಹಾಕಿಕೊಂಡು, ಮುಖದ ಮುಕ್ಕಾಲು ಭಾಗ ನೆರಳಿನಲ್ಲಿ.

ಈಗ ಅವನ ಕೆಲಸದ ಬಗ್ಗೆ ಎರಡು ಮಾತು ಹೇಳಲೇಬೇಕು. ಅವನಿಗೆ ವಿದ್ಯೆ ಕಲಿಸಿದವರು ಹಳೆಯ ಕಾಲದವರು, ಫಿಲ್ಮಿನ ಮೇಲೆ ಪೆನ್ಸಿಲ್ ಹಿಡಿದು ಮುಖ ತಿದ್ದಿದವರು. ಅವರು ಒಂದೇ ಮಾತನ್ನು ಸಾವಿರ ಸಲ ಹೇಳುತ್ತಿದ್ದರು: "ದೀಪ ಯಾವನು ಬೇಕಾದ್ರೂ ಅಂಟಿಸ್ತಾನೆ ಕಣೋ. ಗೋಡೆ ನಂಬಬೇಕು." ಕಪ್ಪು ಹಿನ್ನೆಲೆಯಲ್ಲಿ ತೆಗೆದ ಉರಿಯನ್ನು ಫೋಟೋದ ಮೇಲೆ ಇಟ್ಟು, ಕಪ್ಪು ಕರಗಿ ಉರಿ ಮಾತ್ರ ಉಳಿಯುವಂತೆ ಮಾಡುವುದು ಮಕ್ಕಳಾಟ. ಅಷ್ಟಕ್ಕೇ ನಿಲ್ಲಿಸುವವರು ಊರ ತುಂಬ ಇದ್ದಾರೆ. ಅವರ ದೀಪಗಳು ಉರಿಯುತ್ತವೆ, ಪಕ್ಕದ ಗೋಡೆ ಮಾತ್ರ ಏನೂ ಆಗದವರ ಹಾಗೆ ತಣ್ಣಗೆ ನಿಂತಿರುತ್ತದೆ. ನೋಡುವವನಿಗೆ ಏನು ತಪ್ಪಾಗಿದೆ ಎಂದು ಗೊತ್ತಾಗುವುದಿಲ್ಲ, ಆದರೆ ನಂಬಿಕೆ ಬರುವುದಿಲ್ಲ.

ಟಚಪ್ಪ ಮೊದಲು ಇಡೀ ಫೋಟೋವನ್ನು ಸ್ವಲ್ಪ ಕತ್ತಲಾಗಿಸಿ ನೀಲಿಗೆ ತಿರುಗಿಸಿದ. ಸುತ್ತ ತಂಪಿದ್ದರೆ ತಾನೆ ದೀಪಕ್ಕೆ ಬೆಚ್ಚಗಿನ ಬೆಲೆ. ಆಮೇಲೆ ಹಣತೆಗಳನ್ನು ಕೂರಿಸಿದ, ಒಂದೊಂದರ ಬುಡದಲ್ಲೂ ತೆಳುವಾದ ನೆರಳು ಹಾಕಿದ, ಇಲ್ಲದಿದ್ದರೆ ಅವು ಮೆಟ್ಟಿಲ ಮೇಲೆ ತೇಲುತ್ತವೆ. ಏಳು ಉರಿಗೆ ಏಳು ಬಾಗು: ಒಂದೇ ಉರಿಯನ್ನು ಏಳು ಸಲ ಅಂಟಿಸುವ ಸೋಮಾರಿ ಅವನಲ್ಲ. ಲಾಂದ್ರಗಳ ದಾರ ನಡುವೆ ಜೋತು ಬೀಳಬೇಕು, ದೂರದ ಲಾಂದ್ರ ಚಿಕ್ಕದಾಗಿ ಮಂಕಾಗಬೇಕು, ಕೆಂಪು ಕಾಗದದ್ದು ಕೆಂಪಗೆ, ಹಳದಿಯದು ಹಳದಿಯಾಗಿ ತೊಲೆಯ ಅಡಿಗೆ ಬಡಿಯಬೇಕು.

ಕೊನೆಗೆ ಗೋಡೆ. ಕಿತ್ತಳೆ ಬಣ್ಣದ ಬ್ರಶ್ಶನ್ನು ಗೋಡೆಯ ಮೇಲೆ ಸುಮ್ಮನೆ ಬಳಿದರೆ ಅದು ಬಣ್ಣವಾಗುತ್ತದೆ, ಬೆಳಕಾಗುವುದಿಲ್ಲ. ಗೋಡೆಯಲ್ಲಿ ಇರುವುದನ್ನೇ ಎಬ್ಬಿಸಬೇಕು. ಅವನು ಆ ಜಾಗದ ಗಾರೆಯನ್ನೇ ಬೆಳಗಿಸಿದ, ಅದರ ಉಬ್ಬುತಗ್ಗು, ಬಿರುಕು, ಹಳೆಯ ಮೊಳೆಯ ಗುರುತು ಎಲ್ಲ ಮೇಲೆದ್ದು ಬರುವ ಹಾಗೆ. ಆಮೇಲೆ ತೆಳ್ಳಗೆ ಬೆಚ್ಚಗಿನ ಬಣ್ಣ ಸೇರಿಸಿದ. ಉರಿಯ ಹತ್ತಿರ ಜೋರು, ಒಂದು ಗೇಣು ಆಚೆ ಹೋದರೆ ಥಟ್ಟನೆ ಇಳಿದು, ಆಮೇಲೆ ಮೆಲ್ಲಗೆ ಕತ್ತಲಲ್ಲಿ ಸೇರಬೇಕು. ಕಂಬದ ಹಿಂದೆ ಬೆಳಕು ಹೋಗಬಾರದು. ಕಂಬದ ನೆರಳು ಗೋಡೆಯ ಮೇಲೆ ಅಗಲವಾಗುತ್ತ ಹೋಗಬೇಕು. ಕಿಟಕಿಯ ಗಾಜಿನಲ್ಲಿ ಲಾಂದ್ರಗಳ ಚುಕ್ಕಿ, ಕೊಡದ ಹೊಟ್ಟೆಯ ಮೇಲೆ ಉದ್ದುದ್ದದ ಹೊಳಪು. ಮಬ್ಬಿನಲ್ಲಿ ತೆಗೆದ ಮೊಬೈಲು ಫೋಟೋಗೆ ಬರುವ ಮರಳಿನಂಥ ಕಾಳುಕಾಳನ್ನು ತನ್ನ ದೀಪಗಳ ಮೇಲೂ ಉದುರಿಸಿದ. ಅತ್ತೆಯ ಕೆನ್ನೆಯ ಒಂದು ಬದಿಗೆ ಬೆಚ್ಚಗಿನ ಬೆಳಕು ತಾಗಿಸಿದ. ಇನ್ನೇನು ಮುಗಿಯಿತು ಅಂದಾಗ ಕಣ್ಣು ಕನ್ನಡಕದ ಮೇಲೆ ನಿಂತಿತು. ಎದುರಿಗೆ ಇಷ್ಟು ಲಾಂದ್ರಗಳಿರುವಾಗ ಕನ್ನಡಕದ ಗಾಜಿನಲ್ಲಿ ಒಂದೂ ಕಾಣದಿದ್ದರೆ ಹೇಗೆ? ಎರಡೂ ಕಣ್ಣಿನ ಮೇಲೆ ಎರಡೆರಡು ಚುಕ್ಕಿ ಬೆಳಕು, ಅದರ ಸುತ್ತ ಒಂದಿಷ್ಟು ಹೊಳಪಿನ ಮಬ್ಬು ಇಟ್ಟ. ಹಿಂದಕ್ಕೆ ಒರಗಿ ನೋಡಿದ. ಗೋಡೆ ನಂಬಿತ್ತು.

ಕೆಲಸವೆಲ್ಲ ಪದರ ಪದರವಾಗಿರುತ್ತದೆ: ಕೆಳಗೆ ಅಸಲು ಫೋಟೋ, ಮೇಲೆ ಒಂದೊಂದಾಗಿ ದೀಪ, ಬೆಳಕು, ನೆರಳು. ಮುಗಿದ ಮೇಲೆ ಎಲ್ಲವನ್ನೂ ಒಂದಾಗಿ ಬೆಸೆದು, ಪದರದ ಫೈಲನ್ನು ಅಳಿಸಿಬಿಡಬೇಕು, ಡಿಸ್ಕಿನಲ್ಲಿ ಜಾಗವಿಲ್ಲ ಎಂಬುದು ಸ್ಟುಡಿಯೋ ಯಜಮಾನರ ಕಟ್ಟಪ್ಪಣೆ. ಇದಂತೂ ಮನೆಯ ಕೆಲಸ, ಯಜಮಾನರ ಕಣ್ಣಿಗೆ ಬೀಳಬಾರದು. ಬೆಸೆದ, ಬುಧವಾರ ಅಕ್ಕ ಬಂದಾಗ ಅದೇ ಕೇಬಲ್ಲಿನಲ್ಲಿ ಅವಳ ಮೊಬೈಲಿಗೆ ಹಾಕಿಕೊಟ್ಟ, ಅಸಲು ಸಮೇತ ಎಲ್ಲ ಅಳಿಸಿ ಕೈತೊಳೆದುಕೊಂಡ.

ಗುರುವಾರ ಸಂಜೆ ಅಕ್ಕ ಆ ಫೋಟೋವನ್ನು ಗಂಡನಿಗೆ ಕಳಿಸಿ, ಕೆಳಗೆ ಒಂದು ಸಾಲು ಬರೆದಳು: "ಈಗಷ್ಟೇ ಹಚ್ಚಿದ್ವಿ, ನಾನು ಅತ್ತೆ ಸೇರಿ." ಭಾವನಿಗೆ ಸಂತೋಷ ಉಕ್ಕಿ, ಕೆಲಸದವರಿಗೆ, ನೆಂಟರಿಗೆ ಎಲ್ಲ ಕಳಿಸಿದ. "ನಿಮ್ಮ ಮನೆಯನ್ನ ನಮ್ಮವರು ಹೇಗಿಟ್ಟುಕೊಂಡಿದ್ದಾರೆ ನೋಡಿ" ಎಂದು ಮನೆ ಮಾಲೀಕನಿಗೂ ಕಳಿಸಿದ.

ಶುಕ್ರವಾರ ಬೆಳಗಿನ ಜಾವ ಅಕ್ಕ ಹಾಲಿಗೆಂದು ಓಣಿಯ ತುದಿಗೆ ಹೋಗಿದ್ದಳು. ಮೊಬೈಲು ಒಳಗೆ ಚಾರ್ಜಿಗೆ ಹಾಕಿದ್ದಳು. ವಾಪಸು ಬರುವಷ್ಟರಲ್ಲಿ ಜಗಲಿಯಿಂದ ಎದ್ದ ಬೆಂಕಿ ತೊಲೆ ಹಿಡಿದು ಒಳಕ್ಕೆ ಹೋಗಿತ್ತು. ಅತ್ತೆ ಮಲಗುತ್ತಿದ್ದುದು ಜಗಲಿಗೆ ಅಂಟಿದ ಕೋಣೆಯಲ್ಲಿ. ಅಕ್ಕ ಕಿಟಕಿಯ ಕಾದ ಸರಳುಗಳನ್ನು ಹಿಡಿದು ಎಳೆದಳು, ಬಿಡಲಿಲ್ಲ, ಜನ ಬಂದು ಅವಳನ್ನು ಎಳೆಯುವವರೆಗೂ ಬಿಡಲಿಲ್ಲ. ಹಂಚುಗಳು ಪಟಪಟನೆ ಸಿಡಿದು ಬಿದ್ದವು. ಅತ್ತೆ ಹೊರಗೆ ಬರಲಿಲ್ಲ.

ಎರಡೂ ಅಂಗೈಗೆ ಬಟ್ಟೆ ಸುತ್ತಿಸಿಕೊಂಡು ಆಸ್ಪತ್ರೆಯಲ್ಲಿ ಮಲಗಿದ್ದ ಅಕ್ಕನ ಹತ್ತಿರ ಟಚಪ್ಪ ಕೂತಿದ್ದಾಗಲೇ ಸುದ್ದಿ ಬಂತು. ಮನೆ ಮಾಲೀಕ ಪೊಲೀಸ್ ಠಾಣೆಗೆ ಹೋಗಿ ಆ ಫೋಟೋ ಕೊಟ್ಟಿದ್ದ. ಬೆಂಕಿ ಹಚ್ಚಬೇಡಿ ಅಂದರೂ ಮರದ ತೊಲೆಯ ಕೆಳಗೆ ಏಳು ಹಣತೆ, ಹಳೇ ಬೋರ್ಡಿನಿಂದ ವೈರೆಳೆದು ಲಾಂದ್ರ. ಇನ್ನೇನು ಬೇಕು ಸ್ವಾಮಿ, ಎಂದನಂತೆ. ಅಜಾಗರೂಕತೆಯಿಂದ ಸಾವು ತಂದಳು ಎಂದು ಅಕ್ಕನ ಮೇಲೆ ದೂರು. ಇದನ್ನು ಕೇಳಿ ಟಚಪ್ಪ ಕೂತಲ್ಲಿಂದ ಎದ್ದು ನಿಂತ. ಅಯ್ಯೋ, ಯಾವ ಬೆಂಕಿ, ಯಾವ ಹಣತೆ? ಅದು ನನ್ನ ಬ್ರಶ್ಶು.

ಬಂದರಿನಿಂದ ಭಾವ ಓಡಿಬಂದ. ತಾಯಿಯ ಅಂತ್ಯಸಂಸ್ಕಾರ ಮುಗಿಸಿ, ಮೂರನೆಯ ದಿನ ಆಸ್ಪತ್ರೆಗೆ ಬಂದು ಮಂಚದ ಕಾಲಿನ ಹತ್ತಿರ ನಿಂತ. ಕೂರಲಿಲ್ಲ.

"ದೀಪ ಹಚ್ಚಲೇ ಇಲ್ಲ," ಎಂದಳು ಅಕ್ಕ. "ಅದು ಇವನು ಮಾಡಿಕೊಟ್ಟದ್ದು. ಅತ್ತೇನ ಕೇಳಿ..." ಎಂದವಳು ಅಲ್ಲೇ ಬಾಯಿ ಮುಚ್ಚಿಕೊಂಡಳು.

"ಈಗಷ್ಟೇ ಹಚ್ಚಿದ್ವಿ ಅಂತ ನನಗೆ ಬರೆದಿದ್ದು ಯಾರು?"

"ನಿಮ್ಮನ್ನ ಸಮಾಧಾನ ಮಾಡೋಕೆ ಬರೆದೆ."

"ಅವತ್ತು ಸುಳ್ಳು ಬರೆದೆ, ಇವತ್ತು ನಿಜ ಹೇಳ್ತಿದೀಯ ಅಂತ ನಾನು ನಂಬಬೇಕು. ಅಲ್ವಾ?" ಅಂದ ಭಾವ. ಅಳುತ್ತಿರಲಿಲ್ಲ, ಕೂಗುತ್ತಲೂ ಇರಲಿಲ್ಲ. "ನನ್ನ ತಾಯಿ ದೀಪಕ್ಕೆ ಹೆದರೋರು. ಅವರ ಕೈಲೇ ಹಚ್ಚಿಸಿದೀಯ."

ಟಚಪ್ಪ ನಡುವೆ ಬಾಯಿ ಹಾಕಿದ. "ಭಾವ, ನನ್ನಾಣೆ, ಅದು ನಾನು ಮಾಡಿದ್ದು."

"ನೀನು ಅವಳ ತಮ್ಮ. ಇನ್ನೇನು ಹೇಳ್ತೀಯ," ಎಂದು ಭಾವ ಹೊರಟುಹೋದ.

ಅಲ್ಲಿಂದ ಶುರುವಾಯಿತು ನೋಡಿ ಟಚಪ್ಪನ ಪರದಾಟ. ತನ್ನ ಸುಳ್ಳನ್ನು ಸುಳ್ಳು ಎಂದು ಸಾಬೀತು ಮಾಡಬೇಕಿತ್ತು, ಸಾಬೀತು ಮಾಡುವ ಒಂದು ಚೂರನ್ನೂ ಅವನು ಉಳಿಸಿರಲಿಲ್ಲ. ಅಸಲು ಫೋಟೋ ಇದ್ದ ಅಕ್ಕನ ಮೊಬೈಲು ಬೂದಿಯಾಗಿತ್ತು, ಅವಳು ಅದನ್ನು ಗಂಡನಿಗೂ ಕಳಿಸಿರಲಿಲ್ಲ, ಬೇರೆಲ್ಲೂ ಇಟ್ಟಿರಲಿಲ್ಲ. ಸ್ಟುಡಿಯೋದ ಕಂಪ್ಯೂಟರಿನಲ್ಲಿ ಅಳಿಸಿದ ಫೈಲನ್ನು ತೆಗೆಯಲು ಗೊತ್ತಿರುವವನೊಬ್ಬನನ್ನು ಕರೆತಂದ. ಅವನು ಅರ್ಧ ದಿನ ತಡಕಾಡಿ, "ಇದರ ಮೇಲೆ ಎರಡು ಮದುವೆ ಬಂದು ಕೂತಿವೆ ಅಣ್ಣ, ಅಡಿಯಲ್ಲಿದ್ದದ್ದು ಹೋಯ್ತು" ಅಂದ. ಸುಟ್ಟ ಜಾಗದಲ್ಲಿ ಹಣತೆ ಇರಲಿಲ್ಲ ಎಂದು ತೋರಿಸೋಣವೆಂದರೆ, ಜಗಲಿಯ ತುಂಬ ಒಡೆದ ಹಂಚು. ಸುಟ್ಟ ಮಣ್ಣಿನ ಚೂರುಗಳಲ್ಲಿ ಹಂಚಿನದು ಯಾವುದು, ಹಣತೆಯದು ಯಾವುದು? ಅದನ್ನೂ ಮಾಲೀಕ ಎರಡೇ ದಿನದಲ್ಲಿ ಲಾರಿ ತರಿಸಿ ಎತ್ತಿಸಿಬಿಟ್ಟಿದ್ದ, ಮೀಟರ್ ಬೋರ್ಡಿನ ಕರಕಲನ್ನು ಮಾತ್ರ ವಿದ್ಯುತ್ ಇಲಾಖೆಯವರು ಎತ್ತಿಕೊಂಡು ಹೋಗಿದ್ದರು. ಪಕ್ಕದ ಮನೆಯಾಕೆ ಮೊದಲ ದಿನ "ನಾನೇನೂ ನೋಡಿಲ್ಲಪ್ಪ" ಅಂದವಳು, ಫೋಟೋ ತೋರಿಸಿದ ಮೇಲೆ "ಹೌದು, ಅವತ್ತು ಗೋಡೆಯಾಚೆ ಕೆಂಪಗೆ ಬೆಳಕಿತ್ತು ಅಂತ ನೆನಪು" ಎಂದಳಂತೆ. ಪಾಪ, ಅವಳೇನೂ ಸುಳ್ಳಿ ಅಲ್ಲ. ಫೋಟೋ ಅವಳ ನೆನಪಿನೊಳಗೂ ದೀಪ ಹಚ್ಚಿತ್ತು.

ಠಾಣೆಯಲ್ಲಿ ತನಿಖೆ ಮಾಡುತ್ತಿದ್ದವರು ಒಬ್ಬ ಇನ್ಸ್‌ಪೆಕ್ಟರಮ್ಮ. ಮಾತು ಕಮ್ಮಿ, ಕಿವಿ ಚುರುಕು. ಟಚಪ್ಪ ಲ್ಯಾಪ್‌ಟಾಪು ತೆಗೆದುಕೊಂಡು ಹೋಗಿ ಅವರ ಮೇಜಿನ ಮೇಲಿಟ್ಟು, ಠಾಣೆಯ ಮುಂಬಾಗಿಲಿನ ಒಂದು ಫೋಟೋ ತೆಗೆದು, ಅವರ ಕಣ್ಣೆದುರೇ ಮೆಟ್ಟಿಲ ಮೇಲೆ ಮೂರು ಹಣತೆ ಹಚ್ಚಿ ತೋರಿಸಿದ. ಪೇದೆಗಳೆಲ್ಲ ಬಂದು ಬಗ್ಗಿ ನೋಡಿದರು. ಒಬ್ಬ, "ನಮ್ಮ ಠಾಣೆ ಇಷ್ಟು ಚೆನ್ನಾಗಿ ಯಾವತ್ತೂ ಕಂಡಿರಲಿಲ್ಲ ಮೇಡಂ" ಅಂದ.

"ನೀವು ಮಾಡಬಲ್ಲಿರಿ ಅಂತ ಒಪ್ಕೊಂಡೆ," ಅಂದರು ಇನ್ಸ್‌ಪೆಕ್ಟರಮ್ಮ. "ಆದ್ರೆ ಇದನ್ನ ನೀವೇ ಮಾಡಿದ್ರಿ ಅನ್ನೋದಕ್ಕೆ ಏನಿದೆ?"

"ಲ್ಯಾಬ್‌ಗೆ ಕಳಿಸಿ ಮೇಡಂ."

"ಕಳಿಸಬಹುದು. ಹತ್ತು ಮೊಬೈಲಲ್ಲಿ ಓಡಾಡಿ ಸವೆದುಹೋದ ಫೋಟೋ ಇದು, ಅದರೊಳಗಿನ ವಿವರ ಎಲ್ಲ ಅಳಿಸಿಹೋಗಿರತ್ತೆ. ವರ್ಷಗಟ್ಟಲೆ ಕಾದು 'ಹೇಳೋಕಾಗಲ್ಲ' ಅಂತ ಬರತ್ತೆ. ಕಳಿಸೋಕೂ ನನಗೊಂದು ಕಾರಣ ಬೇಕು." ಅವರು ಫೈಲಿನಿಂದ ಫೋಟೋದ ದೊಡ್ಡ ಪ್ರಿಂಟು ತೆಗೆದು ಬೆರಳಿಟ್ಟರು. "ನೋಡಿ, ಉರಿ ಬಿಡಿ. ಈ ಗೋಡೆ ನೋಡಿ. ಬಿರುಕು, ಮೊಳೆ ಗುರುತು, ಕಂಬದ ನೆರಳು. ಈ ಗೋಡೆ ನೋಡಿದ್ಮೇಲೆ ನಂಬದೆ ಇರೋಕಾಗತ್ತಾ?"

ಹದಿನಾಲ್ಕು ವರ್ಷದಲ್ಲಿ ಅವನ ಕೆಲಸಕ್ಕೆ ಸಿಕ್ಕ ಅತಿ ದೊಡ್ಡ ಹೊಗಳಿಕೆ ಅದು. ಅವನು ಲ್ಯಾಪ್‌ಟಾಪು ಮುಚ್ಚಿಕೊಂಡು ಎದ್ದ.

ಅಂದಿನಿಂದ ಅವನು ಆ ಫೋಟೋದೆದುರು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತ. ತಪ್ಪು ಹುಡುಕಲು. ಇಡೀ ಜೀವನ ಬೇರೆಯವರ ಕೆಲಸದಲ್ಲಿ ತಪ್ಪು ಹುಡುಕಿ ನಕ್ಕವನು, ಈಗ ತನ್ನದರಲ್ಲಿ ಒಂದೇ ಒಂದು ತಪ್ಪಿಗಾಗಿ ಅಂಗಲಾಚುತ್ತಿದ್ದ. ಎಲ್ಲಾದರೂ ಒಂದು ಉರಿ ಇನ್ನೊಂದರ ಹಾಗೇ ಇದೆಯಾ? ಇಲ್ಲ, ಅದನ್ನು ತಾನೇ ಬಾಗಿಸಿದ್ದ. ಕಂಬದ ನೆರಳು ತಪ್ಪು ಕಡೆ ಬಿದ್ದಿದೆಯಾ? ಇಲ್ಲ. ಕೊಡದ ಮೇಲೆ ಹೊಳಪು ಹೆಚ್ಚಾಯಿತಾ? ಅದೂ ಇಲ್ಲ. ಹಾಳಾದವನೇ, ಒಂದು ದಿನವಾದರೂ ಸೋಮಾರಿಯಾಗಬಾರದಿತ್ತೇ ನೀನು ಎಂದು ತನಗೇ ಬೈದುಕೊಂಡ.

ಹದಿನೈದು ದಿನಕ್ಕೆ ಅಕ್ಕನನ್ನು ಆಸ್ಪತ್ರೆಯಿಂದ ಬಿಟ್ಟರು. ಇನ್ಸ್‌ಪೆಕ್ಟರಮ್ಮ ಎಲ್ಲರನ್ನೂ ಕೊನೆಯ ಹೇಳಿಕೆಗೆ ಕರೆಸಿದರು. ಆ ಹೇಳಿಕೆ ಆದ ಮೇಲೆ ಅಕ್ಕನ ಮೇಲೆ ಆರೋಪ ಹೊರಿಸಿ ಕಾಗದ ಕೋರ್ಟಿಗೆ ಹೋಗುವುದಿತ್ತು. ಮೇಜಿನ ಒಂದು ಕಡೆ ಅಕ್ಕ ಮತ್ತು ಟಚಪ್ಪ, ಇನ್ನೊಂದು ಕಡೆ ಭಾವ, ಗೋಡೆಗೆ ಒರಗಿದ ಬೆಂಚಿನಲ್ಲಿ ಮನೆ ಮಾಲೀಕ. ಭಾವ ಗಡ್ಡ ಬಿಟ್ಟಿದ್ದ. ಹೆಂಡತಿಯ ಕೈಗಳತ್ತ ಒಮ್ಮೆ ನೋಡಿ ಕಣ್ಣು ತಿರುಗಿಸಿಕೊಂಡ.

"ಈ ಫೋಟೋ ನೀವು ಗಂಡನಿಗೆ ಕಳಿಸಿದ್ದೇ ತಾನೇ?" ಎಂದು ಇನ್ಸ್‌ಪೆಕ್ಟರಮ್ಮ ದೊಡ್ಡ ಪ್ರಿಂಟನ್ನು ಅಕ್ಕನ ಮುಂದೆ ಸರಿಸಿದರು.

ಅಕ್ಕ ಆ ಫೋಟೋವನ್ನು ಅಷ್ಟು ದೊಡ್ಡದಾಗಿ ನೋಡಿದ್ದು ಅದೇ ಮೊದಲು. ಮೊಬೈಲಿನ ಅಂಗೈಯಗಲದ ಪರದೆಯಲ್ಲಿ ನೋಡಿ ಕಳಿಸಿದ್ದಳು ಅಷ್ಟೆ. ಹೌದು ಅನ್ನಲು ತಲೆಯಾಡಿಸಿದಳು. ಆಮೇಲೆ ಅವಳ ಕಣ್ಣು ದೀಪಗಳನ್ನೆಲ್ಲ ದಾಟಿ ಕುರ್ಚಿಯ ಮೇಲೆ ಹೋಗಿ ಕೂತಿತು. ಎರಡು ವಾರದಿಂದ ಅವಳು ಅತ್ತೆಯ ಮುಖ ನೋಡಿರಲಿಲ್ಲ. ಬಟ್ಟೆ ಸುತ್ತಿದ ಕೈಯಿಂದ ಪ್ರಿಂಟನ್ನು ಹತ್ತಿರಕ್ಕೆ ಎಳೆದುಕೊಂಡು ಬಗ್ಗಿದಳು. ತುಂಬ ಹೊತ್ತು ಹಾಗೇ ಇದ್ದಳು.

"ಏನೋ ಇದು," ಎಂದಳು ತಮ್ಮನಿಗೆ. "ಅತ್ತೆ ಕನ್ನಡಕದಲ್ಲಿ ಏನು ಹೊಳೀತಿದೆ?"

"ಲಾಂದ್ರ ಅಕ್ಕ. ಗಾಜಲ್ಲಿ ಕಾಣತ್ತಲ್ಲ, ಅದಕ್ಕೆ ಹಾಕಿದ್ದೆ."

"ಎರಡೂ ಕಡೆ?"

"ಎರಡೂ ಗಾಜಲ್ಲಿ ಕಾಣಲೇಬೇಕಲ್ಲ."

ಅಕ್ಕ ತಲೆಯೆತ್ತಿದಳು. "ಎಡಗಡೆ ಗಾಜು ಇರಲಿಲ್ಲ ಕಣೋ."

ಯಾರಿಗೂ ತಕ್ಷಣ ಅರ್ಥವಾಗಲಿಲ್ಲ. ಅಕ್ಕ ಇನ್ಸ್‌ಪೆಕ್ಟರಮ್ಮನ ಕಡೆ ತಿರುಗಿದಳು. "ಅತ್ತೆ ಕನ್ನಡಕದಲ್ಲಿ ಎಡಗಡೆ ಗಾಜೇ ಇರಲಿಲ್ಲ ಮೇಡಂ. ಎಂಟು ತಿಂಗಳಿಂದ ಬರೀ ಫ್ರೇಮು. ನೆಂಟರು ಬಂದ್ರೆ ನಾಚ್ಕೊಂಡು ತೆಗೆದು ಮಡಿಲಲ್ಲಿ ಇಟ್ಕೊಳೋರು, ಅದಕ್ಕೇ ಇವನಿಗೂ ಗೊತ್ತಿಲ್ಲ. ಗಾಜೇ ಇಲ್ಲದ ಮೇಲೆ ಅದರಲ್ಲಿ ಬೆಳಕು ಹೇಗೆ ಹೊಳೆಯತ್ತೆ?"

ಟಚಪ್ಪ ಪ್ರಿಂಟಿನ ಮೇಲೆ ಬಗ್ಗಿದ. ಇಷ್ಟು ದಿನ ಹುಡುಕಿದ ತಪ್ಪು, ಅವನು ಅತಿ ಹೆಚ್ಚು ಮೆಚ್ಚಿಕೊಂಡಿದ್ದ ಜಾಗದಲ್ಲೇ ಕೂತಿತ್ತು. ಅಸಲಿನಲ್ಲಿ ಆ ಮುಖ ನೆರಳಿನಲ್ಲಿತ್ತು, ಫ್ರೇಮು ಕಂಡಿತ್ತು, ಫ್ರೇಮಿದ್ದ ಮೇಲೆ ಗಾಜು ಇದ್ದೇ ಇರುತ್ತದೆ ಎಂದು ಅವನ ಕೈ ತಾನೇ ತೀರ್ಮಾನ ಮಾಡಿತ್ತು.

"ಇವೆಲ್ಲ ಈಗ ಹುಟ್ಟಿಸ್ತಿರೋ ಕಥೆ," ಎಂದ ಮನೆ ಮಾಲೀಕ ಬೆಂಚಿನಿಂದ.

ಇನ್ಸ್‌ಪೆಕ್ಟರಮ್ಮ ಅವನತ್ತ ನೋಡಲೇ ಇಲ್ಲ. ಪ್ರಿಂಟನ್ನು ತಿರುಗಿಸಿ ನೋಡಿದರು. "ಕನ್ನಡಕ ಸುಟ್ಟುಹೋಗಿದೆ. ಗಾಜು ಇರಲಿಲ್ಲ ಅನ್ನೋದು ನಿಮ್ಮ ಮಾತು. ಬೇರೆ ಯಾರಿಗೆ ಗೊತ್ತು?"

ಅಕ್ಕ ಮೇಜಿನ ಆಚೆ ಕಡೆ ನೋಡಿದಳು. ಎಲ್ಲರೂ ಅತ್ತಲೇ ನೋಡಿದರು.

ಭಾವ ತಲೆ ತಗ್ಗಿಸಿ ಕೂತಿದ್ದ. ಅವನ ಕಿವಿಯ ತುದಿ ಕೆಂಪಾಗಿತ್ತು. ಮಾತಾಡುವನೋ ಇಲ್ಲವೋ, ಗಾಜು ಇತ್ತು ಅಂದುಬಿಟ್ಟರೆ ಅಲ್ಲಿಗೆ ಅಕ್ಕನ ಬದುಕು ಮುಗಿದಂತೆ. ಹೊರಗೆ ಯಾರೋ ಸೈಕಲ್ ಸ್ಟ್ಯಾಂಡ್ ಹಾಕುವ ಸದ್ದು ಕೇಳಿಸಿತು.

ಭಾವ ಅಂಗಿಯ ಜೇಬಿನಿಂದ ಪರ್ಸು ತೆಗೆದ. ಅದರ ಒಳಗಿನ ಖಾನೆಯಿಂದ ಮಡಿಸಿದ ಕಾಗದವೊಂದನ್ನು ಎಳೆದು, ಮಡಿಕೆ ಬಿಚ್ಚಿ ಮೇಜಿನ ಮೇಲಿಟ್ಟ. ಒಳಗೆ ಕನ್ನಡಕದ ಒಂದು ಗಾಜಿತ್ತು, ಅಂಚು ಸೀಳಿದ್ದು.

"ಹೋದ ರಜೆಯಲ್ಲಿ ನನ್ನ ಕೈ ತಾಗಿ ಕನ್ನಡಕ ಕೆಳಗೆ ಬಿತ್ತು," ಎಂದ. "ಅಲ್ಲಿ ಒಳ್ಳೆ ಅಂಗಡಿ ಇದೆ, ಇದನ್ನ ತೋರಿಸಿ ಇದೇ ನಂಬರಿಂದು ಹಾಕಿಸಿ ಕಳಿಸ್ತೀನಿ ಅಂದೆ. ಫೋನ್ ಮಾಡಿದಾಗಲೆಲ್ಲ ಅಮ್ಮ ಕೇಳೋರು. ನಾಳೆ ಅಂತಿದ್ದೆ." ಪ್ರಿಂಟಿನತ್ತ ನೋಡಿ ಮತ್ತೆ ಹೇಳಿದ: "ಈ ಫೋಟೋ ಎಷ್ಟು ಸಲ ನೋಡಿದೀನಿ ನಾನು. ದೀಪ ನೋಡಿದೆ. ಅಮ್ಮನ ಮುಖ ನೋಡಲಿಲ್ಲ."

ಆಮೇಲೆ ಅವನು ಅತ್ತ. ಠಾಣೆಯಲ್ಲಿ ಗಂಡಸರು ಅಳುವುದು ಹೊಸದೇನಲ್ಲ, ಇನ್ಸ್‌ಪೆಕ್ಟರಮ್ಮ ಪೆನ್ನು ಕೆಳಗಿಟ್ಟು ಕಾದರು. ಮುಗಿದ ಮೇಲೆ ಆ ಗಾಜನ್ನು ಎತ್ತಿ ಪ್ರಿಂಟಿನ ಮೇಲೆ ಹಿಡಿದು, ಬರೆದ ಚುಕ್ಕಿಗಳನ್ನು ಅದರ ಮೂಲಕವೇ ನೋಡಿದರು. "ಇಷ್ಟರಿಂದಲೇ ಕೇಸು ಮುಗಿಯಲ್ಲ," ಎಂದರು. "ಆದ್ರೆ ಲ್ಯಾಬ್‌ಗೆ ಬರೆಯೋಕೆ ಕಾರಣ ಸಿಕ್ತು. ಮೀಟರ್ ಬೋರ್ಡಿನ ವರದಿ ಇವತ್ತೇ ತರಿಸ್ತೀನಿ." ಆಗ ಮೊದಲ ಸಲ ಬೆಂಚಿನತ್ತ ತಿರುಗಿ, "ನೀವು ಎಲ್ಲೂ ಹೋಗಬೇಡಿ, ಕೂತಿರಿ," ಎಂದರು.

ಬೋರ್ಡಿನ ಕರಕಲಿನಲ್ಲಿ ವೈರುಗಳು ಒಂದಕ್ಕೊಂದು ತಗುಲಿ ಕರಗಿ ಗಂಟಾಗಿದ್ದವು, ಹೊರಗಿನಿಂದ ಸೇರಿಸಿದ ವೈರು ಒಂದೂ ಇರಲಿಲ್ಲ, ಬೆಂಕಿ ಎದ್ದದ್ದು ಅಲ್ಲಿಂದಲೇ ಎಂದು ವರದಿ ಬಂತು. ಅಕ್ಕನ ಮೇಲಿನ ದೂರು ಬಿದ್ದುಹೋಯಿತು. ಠಾಣೆಯ ಮೆಟ್ಟಿಲ ಮೇಲೆ ಭಾವ ಅವಳ ಹತ್ತಿರ ಬಂದು, "ಬಾ, ಒಂದು ರೂಮು ನೋಡಿದೀನಿ," ಅಂದ. ಅಕ್ಕ ತನ್ನ ಕೈಗಳನ್ನು ನೋಡಿಕೊಂಡಳು. "ಈ ಕೈ ನೋಡಿಯೂ ನೀವು ನಂಬಲಿಲ್ಲ," ಎಂದಳು, ಸಿಟ್ಟಿಲ್ಲದೆ. ಭಾವ ಒಬ್ಬನೇ ಬಂದರಿಗೆ ಹಿಂತಿರುಗಿದ.

ಅಕ್ಕ ಟಚಪ್ಪನ ಮನೆಯಲ್ಲೇ ಉಳಿದಳು. ತಿಂಗಳಾದ ಮೇಲೆ, ಬೆರಳು ಮಡಿಸಲು ಬರುವಂತಾದ ಮೇಲೆ, ಒಂದು ಭಾನುವಾರ ಬೆಳಿಗ್ಗೆ ಅವನ ಲ್ಯಾಪ್‌ಟಾಪಿನ ಪಕ್ಕ ಬಂದು ಕೂತಳು.

"ಅತ್ತೆಯ ಬೇರೆ ಒಂದು ಫೋಟೋನೂ ಉಳಿದಿಲ್ಲ. ಆಲ್ಬಮ್ಮು, ಮೊಬೈಲು, ಎಲ್ಲ ಹೋಯ್ತು. ಅವರು ಕ್ಯಾಮೆರಾ ಅಂದ್ರೆ ಓಡೋರು. ಇದೊಂದೇ ಇರೋದು. ಇದರಲ್ಲಿ ನಿನ್ನ ದೀಪ ಎಲ್ಲ ತೆಗೆದುಬಿಡೋ. ಅವರು ಇದ್ದ ಹಾಗೆ ಬೇಕು ನನಗೆ."

ಟಚಪ್ಪ ಶುರು ಮಾಡಿದ. ಲಾಂದ್ರಗಳು ಒಂದೊಂದಾಗಿ ಹೋದವು, ಅವುಗಳ ಜಾಗಕ್ಕೆ ತೊಲೆಯ ಮರವನ್ನು ಪಕ್ಕದಿಂದ ತಂದು ತುಂಬಿದ. ಹಣತೆಗಳು ಹೋದವು, ಮೆಟ್ಟಿಲು ಬರಿದಾಯಿತು. ಗೋಡೆಯ ಬೆಚ್ಚಗಿನ ಬಣ್ಣ ಇಳಿಸಿದ, ಕೊಡದ ಹೊಳಪು ಒರೆಸಿದ. ಅಕ್ಕ ನೋಡುತ್ತಿದ್ದಳು. ಗೋಡೆ, ಮರ, ಕಲ್ಲು ಆದರೆ ಪಕ್ಕದಿಂದ ತಂದು ತುಂಬಬಹುದು. ಅವನು ಮುಖವನ್ನು ಕೊನೆಗೆ ಇಟ್ಟುಕೊಂಡಿದ್ದ.

ಮುಖವನ್ನು ದೊಡ್ಡದು ಮಾಡಿದ. ಕೆನ್ನೆಯ ಬೆಳಕು ಇಳಿಸಿದ. ಬಲಗಡೆ ಗಾಜಿನ ಚುಕ್ಕಿ ಅಳಿಸಿದ, ಅಲ್ಲಿ ಗಾಜಿನ ಮಬ್ಬೇ ಸಾಕಿತ್ತು. ಎಡಗಣ್ಣಿಗೆ ಬಂದು ನಿಂತ. ಗಾಜಿಲ್ಲದ ಆ ಚೌಕಟ್ಟಿನೊಳಗೆ ಅಸಲಿನಲ್ಲಿ ಬರಿಗಣ್ಣೇ ಇತ್ತು, ಇಡೀ ಫೋಟೋದಲ್ಲಿ ಯಾವ ಅಡ್ಡಿಯೂ ಇಲ್ಲದೆ ಕಾಣುತ್ತಿದ್ದದ್ದು ಅದೊಂದೇ. ಅದರ ಮೇಲೆಯೇ ಅವನು ಎರಡು ಲಾಂದ್ರದ ಚುಕ್ಕಿ ಮತ್ತು ಹೊಳಪಿನ ಮಬ್ಬು ಇಟ್ಟು, ಬೆಸೆದು, ಅಡಿಯಲ್ಲಿದ್ದದ್ದನ್ನು ಅಳಿಸಿದ್ದ. ಮಬ್ಬನ್ನು ತೆಗೆದರೆ ಕೆಳಗೆ ಏನೂ ಇರಲಿಲ್ಲ. ಇನ್ನು ಅಲ್ಲಿ ಯಾವ ಕಣ್ಣು ಬಂದರೂ ಅದು ಅವನು ಬರೆದ ಕಣ್ಣು.

ಅವನು ನೆನಪು ಮಾಡಿಕೊಳ್ಳಲು ನೋಡಿದ. ಅಸಲು ಫೋಟೋದೆದುರು ಎರಡು ದಿನ ಕೂತಿದ್ದ. ಗೋಡೆಯ ಪ್ರತಿ ಬಿರುಕೂ ನೆನಪಿತ್ತು, ಕಣ್ಣು ನೆನಪಿರಲಿಲ್ಲ.

"ಅಕ್ಕ," ಎಂದ, ಪರದೆಯಿಂದ ಕಣ್ಣು ತೆಗೆಯದೆ. "ಫೋಟೋ ತೆಗೆದಾಗ ಅವರು ಯಾವ ಕಡೆ ನೋಡ್ತಿದ್ರು?"

"ಯಾವ ಕಡೆ ಅಂದ್ರೆ? ತೆಗೀತಿದ್ದೋಳು ನಾನಲ್ವಾ. ನನ್ನ ಕಡೆ ನೋಡ್ತಿದ್ರು."

ಅವನು ಕೈಯನ್ನು ಮೌಸಿನಿಂದ ತೆಗೆದು ಮಡಿಲಲ್ಲಿ ಇಟ್ಟುಕೊಂಡ. ಅಕ್ಕ ಇನ್ನೂ ಕಾಯುತ್ತಿದ್ದಳು.